ಪ್ರಪೋಸಲ್‌ನಲ್ಲಿ ಬರೆಯದೆ ಬಿಟ್ಟದ್ದಕ್ಕೂ ಬೆಲೆಯಿದೆ

ಸಹಕಾರ ಸಂಘಗಳ ನಿರ್ದೇಶಕರು, ರೈತ ಉತ್ಪಾದಕ ಕಂಪನಿ ನಡೆಸುವವರು, ಒಮ್ಮೊಮ್ಮೆ ದೇವಸ್ಥಾನದ ಆಡಳಿತ ಮಂಡಳಿಯವರು ಕೂಡ ನನ್ನನ್ನು ಕೇಳುವ ಪ್ರಶ್ನೆ ಒಂದಿದೆ. ‘ಮೂರು ಕನ್ಸಲ್ಟಂಟರು ಪ್ರಪೋಸಲ್ ಕೊಟ್ಟಿದ್ದಾರೆ, ಮೂವರೂ ಅದೇ ಕೆಲಸ ಮಾಡಿಕೊಡುತ್ತೇವೆ ಅನ್ನುತ್ತಾರೆ, ರೇಟು ಮಾತ್ರ ಬೇರೆ ಬೇರೆ. ಯಾರಿಗೆ ಕೊಡೋಣ?’ ನನ್ನ ಅನುಭವದಲ್ಲಿ ಆ ಮೂವರು ‘ಅದೇ ಕೆಲಸ’ಕ್ಕೆ ರೇಟು ಕೊಟ್ಟಿರುವುದು ಬಹಳ ಅಪರೂಪ. ಒಬ್ಬರು ಎಂಟು ಕೆಲಸಕ್ಕೆ ಕೊಟ್ಟಿರುತ್ತಾರೆ, ಇನ್ನೊಬ್ಬರು ಐದಕ್ಕೆ. ಮೂರನೆಯವರು ಎಂಟಕ್ಕೇ ಕೊಟ್ಟಿರುತ್ತಾರೆ, ಆದರೆ ನಾಲ್ಕು ಷರತ್ತುಗಳ ಮೇಲೆ. ಈ ವ್ಯತ್ಯಾಸ ಕೊನೆಯ ಪುಟದ ಮೊತ್ತದಲ್ಲಿ ಕಾಣುವುದಿಲ್ಲ. ಅದನ್ನು ಹೊರತೆಗೆಯುವುದು ಹೇಗೆ ಎಂಬುದನ್ನು ಈ ವಾರ ಒಂದೇ ಉದಾಹರಣೆ ಹಿಡಿದು ಬಿಡಿಸಿ ಹೇಳುತ್ತೇನೆ.

ಉದಾಹರಣೆಗೆ ಕಿರವತ್ತಿಯನ್ನೇ ತೆಗೆದುಕೊಳ್ಳೋಣ. ಹುಬ್ಬಳ್ಳಿ–ಅಂಕೋಲಾ ಹೆದ್ದಾರಿಯಲ್ಲಿ ಕಲಘಟಗಿ ದಾಟಿ ಯಲ್ಲಾಪುರಕ್ಕೆ ಬರುವಾಗ ಸಿಗುವ ಊರು. ಯಲ್ಲಾಪುರ ತಾಲ್ಲೂಕಿಗೆ ಸೇರಿದರೂ ಇಲ್ಲಿಯ ಬೆಳೆ ಘಟ್ಟದ ಅಡಿಕೆ ತೋಟದ ಕಡೆಯದಲ್ಲ, ಬಯಲಿನದು. ಭತ್ತ, ಗೋವಿನಜೋಳ. ಕೊಯ್ಲಿನ ಹೊತ್ತಿಗೆ ಸರಿಯಾಗಿ ಹಿಂಗಾರಿನ ಮಳೆ ಹಿಡಿದರೆ ರಸ್ತೆ ಬದಿಯಲ್ಲಿ ಒಣಹಾಕಿದ ಗೋವಿನಜೋಳಕ್ಕೆ ತಾಡಪತ್ರಿ ಎಳೆಯುವುದೇ ಕೆಲಸ. ಇಂಥ ಕಡೆಯ ಒಂದು ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘ ಗೋದಾಮು, ಒಣಗಿಸುವ ಡ್ರೈಯರ್ ಹಾಕಬೇಕೆಂದು ಹೊರಟಿದೆ ಎಂದುಕೊಳ್ಳಿ. ಕೇಂದ್ರದ ಕೃಷಿ ಮೂಲಸೌಕರ್ಯ ನಿಧಿ ಯೋಜನೆ 2020ರಿಂದ ಇದೆ. ಅದರಡಿ 2 ಕೋಟಿ ರೂಪಾಯಿವರೆಗಿನ ಸಾಲಕ್ಕೆ ಗರಿಷ್ಠ 7 ವರ್ಷ ಶೇ 3ರ ಬಡ್ಡಿ ರಿಯಾಯಿತಿ ಸಿಗುತ್ತದೆ. ಸಾಲಕ್ಕೆ ಅರ್ಜಿ ಹಾಕಲು ವಿವರವಾದ ಯೋಜನಾ ವರದಿ, ಅಂದರೆ ಡಿಪಿಆರ್ ಬೇಕು. ಡಿಪಿಆರ್ ಬರೆಸಲು ಕನ್ಸಲ್ಟಂಟ್ ಬೇಕು. ಯೋಜನೆ ನಿಜ. ಸಂಘವನ್ನೂ ಮೂರು ಪ್ರಪೋಸಲ್‌ಗಳನ್ನೂ ಅವುಗಳ ರೂಪಾಯಿ ಲೆಕ್ಕವನ್ನೂ ವಿವರಣೆಗಾಗಿ ನಾನು ಕಟ್ಟಿಕೊಂಡದ್ದು, ಆದರೆ ಅವುಗಳೊಳಗಿನ ವಾಕ್ಯಗಳಂಥವನ್ನು ನಾನು ಮತ್ತೆ ಮತ್ತೆ ಓದಿದ್ದೇನೆ.

ಸಂಘ ತನ್ನ ಬೇಡಿಕೆಯನ್ನು ಹೀಗೆ ಬರೆದು ಕಳಿಸಿತ್ತು: ‘ಸ್ಥಳ ಪರಿಶೀಲಿಸಿ, ಮಣ್ಣು ಪರೀಕ್ಷೆ ಸಹಿತ, 1000 ಟನ್ ಅಥವಾ ಸೂಕ್ತ ಸಾಮರ್ಥ್ಯದ ಗೋದಾಮು ಹಾಗೂ ಡ್ರೈಯರ್‌ಗೆ ಡಿಪಿಆರ್ ತಯಾರಿಸಿ, ಸಾಲ ಮಂಜೂರಾಗುವವರೆಗೆ ಬ್ಯಾಂಕಿನ ಪ್ರಶ್ನೆಗಳಿಗೆ ಉತ್ತರಿಸುವುದು. ಅವಧಿ 90 ದಿನ.’ ಇಷ್ಟೇ. ಜುಲೈ ಮೊದಲ ವಾರ ಆದೇಶ ಕೊಡುವ ಯೋಚನೆ. ಬಂದ ಪ್ರಪೋಸಲ್‌ಗಳು ಮೂರು: ಒಂದು 2,40,000 ರೂಪಾಯಿ, ಇನ್ನೊಂದು 3,10,000, ಮತ್ತೊಂದು 3,90,000. ಸಭೆಯಲ್ಲಿ ಮೊದಲ ಮಾತು ಬರುವುದು ಹೀಗೆ: ‘ಕಡಿಮಿ ರೇಟ್ ಹಾಕ್ಯಾರಲ್ರೀ, ಅವರಿಗೇ ಕೊಟ್ಟುಬಿಡೂಣು.’

ಇಲ್ಲಿ ನನ್ನ ಮೊದಲ ಸಲಹೆ, ಪ್ರಪೋಸಲ್‌ಗಳನ್ನು ಪಕ್ಕಕ್ಕಿಟ್ಟು ಸಂಘದ ಬೇಡಿಕೆಯನ್ನೇ ಮೊದಲು ಬಿಡಿಸಿ ಎನ್ನುವುದು. ಆ ಒಂದು ವಾಕ್ಯದಲ್ಲಿ ಎಷ್ಟು ಕೆಲಸಗಳಿವೆ? ಜಾಗದ ಅಳತೆ ಮತ್ತು ಏರುತಗ್ಗಿನ ಸರ್ವೆ ಒಂದು. ಮಣ್ಣು ಪರೀಕ್ಷೆ ಎರಡು. ಗೋದಾಮಿನ ನಕ್ಷೆ ಮತ್ತು ಅಂದಾಜು ಪಟ್ಟಿ ಮೂರು. ಡ್ರೈಯರ್ ಎಷ್ಟು ದೊಡ್ಡದು, ಯಾವ ಬಗೆಯದು ಎಂಬ ನಿರ್ಣಯ ನಾಲ್ಕು. ‘ಸೂಕ್ತ ಸಾಮರ್ಥ್ಯ’ ಎಂದು ಬರೆದ ಮೇಲೆ ಎಷ್ಟು ಮಾಲು ಬರುತ್ತದೆ ಎಂದು ಊರೂರು ತಿರುಗಿ ತಿಳಿಯಬೇಕಲ್ಲ, ಅದು ಐದು. ಡ್ರೈಯರ್‌ಗೆ ವಿದ್ಯುತ್ ಮತ್ತು ಉರುವಲು ಎಲ್ಲಿಂದ ಎಂಬುದು ಆರು. ಸಾಲ ತೀರುವಷ್ಟು ವರ್ಷಗಳ ಆದಾಯ–ಖರ್ಚಿನ ಲೆಕ್ಕ ಏಳು. ಮಂಜೂರಾತಿವರೆಗೆ ಬ್ಯಾಂಕಿಗೆ ಉತ್ತರ ಎಂಟು. ಐದನೆಯದನ್ನೂ ಆರನೆಯದನ್ನೂ ಸಂಘ ಬಾಯಿಬಿಟ್ಟು ಬರೆದಿರಲಿಲ್ಲ. ಆದರೆ ಅವಿಲ್ಲದೆ ಡಿಪಿಆರ್ ಆಗುವುದಿಲ್ಲ. ಹೀಗೆ ಒಂದು ಸಾಲಿಗೆ ಒಂದೇ ಕೆಲಸ ಬರುವಂತೆ ಬಿಡಿಸಿ, ಪ್ರತಿಯೊಂದರ ಎದುರು ‘ಮುಗಿಯಿತು ಎನ್ನುವುದಕ್ಕೆ ನಮ್ಮ ಕೈಗೆ ಏನು ಬರಬೇಕು’ ಎಂದು ಬರೆಯಬೇಕು. ಮಣ್ಣು ಪರೀಕ್ಷೆಗೆ ಪ್ರಯೋಗಾಲಯದ ವರದಿ, ಊರಿನ ಸಮೀಕ್ಷೆಗೆ ಭರ್ತಿಯಾದ ನಮೂನೆಗಳು, ಹೀಗೆ.

ಇದನ್ನು ಪ್ರಪೋಸಲ್ ತೆರೆಯುವ ಮೊದಲೇ ಮಾಡಬೇಕು ಎನ್ನುವುದಕ್ಕೆ ಕಾರಣವಿದೆ. ಒಳ್ಳೆಯ ಪ್ರಪೋಸಲ್ ಓದಿದ ಮೇಲೆ ಬೇಡಿಕೆ ಪಟ್ಟಿ ಮಾಡಲು ಕೂತರೆ, ನಮಗೆ ಗೊತ್ತಿಲ್ಲದಂತೆಯೇ ಆ ಪ್ರಪೋಸಲ್‌ನ ಪರಿವಿಡಿಯೇ ನಮ್ಮ ಬೇಡಿಕೆಯಾಗಿ ಬಿಡುತ್ತದೆ. ಆಮೇಲೆ ಅದಕ್ಕೆ ಪೂರ್ತಿ ಅಂಕ ಬೀಳುವುದು ಸಹಜ.

ಎರಡನೆಯ ಹಂತ ಹುಡುಕಾಟ. ಪ್ರಪೋಸಲ್‌ನಲ್ಲಿ ‘ಕೆಲಸದ ವ್ಯಾಪ್ತಿ’ ಎಂಬ ತಲೆಬರಹ ಇದ್ದೇ ಇರುತ್ತದೆ. ಆದರೆ ನಿಜವಾದ ವ್ಯಾಪ್ತಿ ಅಲ್ಲಷ್ಟೇ ಇರುವುದಿಲ್ಲ. ನಾನು ಮೊದಲು ಓದುವುದು ದರಪಟ್ಟಿಯ ಕೆಳಗಿನ ಸಣ್ಣ ಅಕ್ಷರದ ಟಿಪ್ಪಣಿ, ಆಮೇಲೆ ಹಣ ಪಾವತಿಯ ಕಂತುಗಳು, ಆಮೇಲೆ ‘ಗ್ರಾಹಕರು ಒದಗಿಸಬೇಕಾದವು’ ಎಂಬ ಭಾಗ, ಆಮೇಲೆ ಕಾರ್ಯವಿಧಾನದ ಪ್ಯಾರಾಗಳು. ಕಂಪನಿಯ ಪರಿಚಯ, ಹಿಂದಿನ ಯೋಜನೆಗಳ ಫೋಟೊ ಕೊನೆಗೆ. ಸಿಕ್ಕ ಪ್ರತಿ ವಾಕ್ಯವನ್ನೂ ಇದ್ದ ಹಾಗೆ, ಪುಟಸಂಖ್ಯೆ ಸಹಿತ ಪಟ್ಟಿಗೆ ಇಳಿಸುತ್ತೇನೆ. ನಮ್ಮ ಮಾತಿನಲ್ಲಿ ಸಾರಾಂಶ ಬರೆಯುವುದಿಲ್ಲ. ಸಾರಾಂಶ ಬರೆಯುವಾಗ ನಾವು ಉದಾರಿಗಳಾಗುತ್ತೇವೆ. ‘ಬ್ಯಾಂಕಿಗೆ ಸಲ್ಲಿಸಲು ಸಹಕರಿಸಲಾಗುವುದು’ ಎಂದು ಅಲ್ಲಿದ್ದರೆ ನಮ್ಮ ಪಟ್ಟಿಯಲ್ಲಿ ಅದು ‘ಬ್ಯಾಂಕ್ ಕೆಲಸ ಮಾಡಿಕೊಡುತ್ತಾರೆ’ ಎಂದಾಗುತ್ತದೆ. ಆ ಎರಡರ ನಡುವೆ ಆರು ತಿಂಗಳ ಓಡಾಟವಿದೆ.

ಹೊರತೆಗೆದ ವಾಕ್ಯಗಳು ನಾಲ್ಕು ಬಗೆಯವು. ಮಾಡುತ್ತೇವೆ ಎಂದದ್ದು. ಮಾಡುವುದಿಲ್ಲ ಎಂದದ್ದು. ಹೀಗಿದ್ದರೆ ಮಾತ್ರ ಮಾಡುತ್ತೇವೆ ಎಂದದ್ದು, ಅಂದರೆ ಗೃಹೀತ. ನಾಲ್ಕನೆಯದು ವಾಕ್ಯವೇ ಅಲ್ಲ, ಏನೂ ಹೇಳದೆ ಬಿಟ್ಟದ್ದು. ಮದುವೆಗೆ ಅಡುಗೆ ಒಪ್ಪಿಸುವಾಗ ‘ಬಡಿಸುವವರು ನಮ್ಮವರಲ್ಲ’ ಎಂದು ಅಡುಗೆ ಭಟ್ಟರು ಹೇಳಿದರೆ ನಾವು ಜನ ಹೊಂದಿಸಿಕೊಳ್ಳುತ್ತೇವೆ. ಹೇಳದೇ ಇದ್ದರೆ ಪಂಕ್ತಿ ಕೂತ ಮೇಲೆ ಗೊತ್ತಾಗುತ್ತದೆ. ಹಾಗಾಗಿ ಮೌನಕ್ಕೂ ಪಟ್ಟಿಯಲ್ಲಿ ಒಂದು ಮನೆ ಇರಬೇಕು. ಅದನ್ನು ‘ಸೇರಿದೆ’ ಎಂದೂ ‘ಸೇರಿಲ್ಲ’ ಎಂದೂ ತುಂಬಬಾರದು. ‘ಹೇಳಿಲ್ಲ’ ಎಂದೇ ತುಂಬಬೇಕು.

ಈಗ 2,40,000ದ ಪ್ರಪೋಸಲ್ ತೆಗೆಯೋಣ. ಅಂದವಾಗಿ ಅಚ್ಚಾಗಿದೆ. ‘ಹೊರತಾದವು’ ಎಂಬ ತಲೆಬರಹವೇ ಇಲ್ಲ. ಓದಿದವರಿಗೆ ಎಲ್ಲವೂ ಒಳಗಿದೆ ಎನ್ನಿಸುತ್ತದೆ. ಆದರೆ ಕಾರ್ಯವಿಧಾನದ ನಡುವೆ ಒಂದು ವಾಕ್ಯ: ‘ಸಂಘವು ಒದಗಿಸುವ ಮಣ್ಣು ಪರೀಕ್ಷಾ ವರದಿಯ ಆಧಾರದಲ್ಲಿ ಪಾಯದ ವಿನ್ಯಾಸ ಮಾಡಲಾಗುವುದು.’ ಇಷ್ಟರಲ್ಲಿ ಎರಡನೆಯ ಕೆಲಸ ಸಂಘದ ತಲೆಗೆ ಬಂತು. ಮುಂದೆ, ‘ಲಭ್ಯ ಅಂಕಿಅಂಶಗಳ ಆಧಾರದಲ್ಲಿ ಬೆಳೆ ಆವಕದ ಅಂದಾಜು.’ ಅಂದರೆ ಊರಿಗೆ ಯಾರೂ ಹೋಗುವುದಿಲ್ಲ, ತಾಲ್ಲೂಕಿನ ಬೆಳೆ ಅಂಕಿ ತಂದು ಭಾಗಿಸುತ್ತಾರೆ. ದರಪಟ್ಟಿಯ ಅಡಿಯಲ್ಲಿ, ‘ಎರಡು ಸ್ಥಳ ಭೇಟಿ ಸೇರಿದೆ, ಹೆಚ್ಚಿನ ಭೇಟಿಗೆ ಪ್ರತ್ಯೇಕ ದರ, ಜಿಎಸ್‌ಟಿ ಪ್ರತ್ಯೇಕ.’ ವಿದ್ಯುತ್ ಬಗ್ಗೆ ಎಲ್ಲೂ ಒಂದು ಅಕ್ಷರವಿಲ್ಲ. ಪಾವತಿ ಕಂತಿನಲ್ಲಿ ಕರಡು ವರದಿ ಕೊಟ್ಟಾಗಲೇ ಶೇ 90 ಹಣ. ಈ ಕೊನೆಯದನ್ನು ನಾನು ವ್ಯಾಪ್ತಿಯ ಸಾಕ್ಷಿ ಎಂದೇ ಓದುತ್ತೇನೆ. ಕರಡಿನ ಹೊತ್ತಿಗೆ ಶೇ 90 ಬಂದವರಿಗೆ ಕೆಲಸ ಎಲ್ಲಿಗೆ ಮುಗಿಯುತ್ತದೆ ಎಂಬುದು ಅಲ್ಲೇ ಬರೆದಂತಾಯಿತು, ‘ಸಹಕರಿಸಲಾಗುವುದು’ ಎಂಬ ಮಾತು ಬೇರೆ ಪುಟದಲ್ಲಿ ಏನೇ ಹೇಳಲಿ.

ಅವಧಿಯನ್ನೂ ಹೀಗೇ ಓದಬೇಕು. ಸಂಘ ಕೇಳಿದ್ದು 90 ದಿನ, ಇವರು 60 ದಿನದಲ್ಲಿ ಕೊಡುತ್ತೇವೆ ಎಂದಿದ್ದಾರೆ. ಮೇಲ್ನೋಟಕ್ಕೆ ಎಲ್ಲರಿಗಿಂತ ಚುರುಕು. ಆದರೆ ವಾಕ್ಯ ಪೂರ್ತಿ ಓದಿದರೆ, ‘ಅಗತ್ಯ ಎಲ್ಲ ದಾಖಲೆಗಳು ದೊರೆತ ದಿನದಿಂದ 60 ದಿನ.’ ಎಲ್ಲ ದಾಖಲೆಗಳು ಎಂದರೆ ಪಹಣಿ, ಸರ್ವೆ ನಕ್ಷೆ, ಬಿನ್‌ಶೇತ್ಕಿ ಆದೇಶ, ಈಗ ನೋಡಿದ ಹಾಗೆ ಮಣ್ಣು ಪರೀಕ್ಷೆಯ ವರದಿ ಕೂಡ. ಅವನ್ನು ಸಂಘ ಕೊಡುವವರೆಗೆ ಅವರ ಗಡಿಯಾರ ಶುರುವೇ ಆಗುವುದಿಲ್ಲ. ಅರಣ್ಯಕ್ಕೆ ಒತ್ತಿಕೊಂಡ ಸರ್ವೆ ನಂಬರುಗಳೇ ಹೆಚ್ಚಿರುವ ನಮ್ಮ ಜಿಲ್ಲೆಯಲ್ಲಿ ಗಡಿ ಗುರುತಿಸಿದ ನಕ್ಷೆ ಕೈಗೆ ಬರಲು ಎಷ್ಟು ದಿನ ಬೇಕೆಂದು ಓದುಗರಿಗೆ ನಾನು ಹೇಳಬೇಕಿಲ್ಲ.

ಈ ಪ್ರಪೋಸಲ್‌ನಲ್ಲಿ ನನ್ನನ್ನು ಹೆಚ್ಚು ಹೊತ್ತು ನಿಲ್ಲಿಸುವುದು ಡ್ರೈಯರ್ ಪುಟದ ಒಂದು ಗೃಹೀತ: ‘ಒಳಬರುವ ಗೋವಿನಜೋಳದ ತೇವಾಂಶ ಶೇ 18 ಎಂದು ಪರಿಗಣಿಸಲಾಗಿದೆ.’ ತಾಂತ್ರಿಕ ವಿವರವೆಂದು ದಾಟಿಹೋಗುವಂಥ ವಾಕ್ಯ. ಇದರ ಲೆಕ್ಕ ಹಾಕಿ ನೋಡಿ. ಕಾಳನ್ನು ಶೇ 14ಕ್ಕೆ ಇಳಿಸಬೇಕು. ಶೇ 18ರ ತೇವಾಂಶದ 10 ಟನ್ ಮಾಲಿನಲ್ಲಿ ಒಣ ಪದಾರ್ಥ 8.2 ಟನ್. ಅದು ಶೇ 14ಕ್ಕೆ ಬಂದಾಗ ಒಟ್ಟು ತೂಕ ಸುಮಾರು 9.53 ಟನ್. ಹೊರಹೋಗಬೇಕಾದ ನೀರು ಸುಮಾರು 465 ಕಿಲೋ. ಅದೇ ಮಾಲು ಶೇ 22ರಲ್ಲಿ ಬಂದರೆ ಒಣ ಪದಾರ್ಥ 7.8 ಟನ್, ಒಣಗಿದ ಮೇಲೆ 9.07 ಟನ್, ಹೋಗಬೇಕಾದ ನೀರು 930 ಕಿಲೋ. ಸರಿಯಾಗಿ ಎರಡು ಪಟ್ಟು. ನೀರು ಎರಡು ಪಟ್ಟಾದರೆ ಉರುವಲೂ ಹೆಚ್ಚುಕಡಿಮೆ ಎರಡು ಪಟ್ಟು, ಒಂದು ಲೋಡಿಗೆ ಹಿಡಿಯುವ ಹೊತ್ತೂ ಹಾಗೇ. ದಿನಕ್ಕೆ ಎರಡು ಲೋಡ್ ಒಣಗುತ್ತದೆಂದು ಬರೆದ ಆದಾಯದ ಲೆಕ್ಕ ಒಂದು ಲೋಡಿಗೆ ಇಳಿಯುತ್ತದೆ. ತೇವಾಂಶದ ಆ ನಾಲ್ಕು ಅಂಕದ ಮೇಲೆ ಏಳನೆಯ ಕೆಲಸ, ಅಂದರೆ ಸಾಲ ತೀರಿಸುವ ಇಡೀ ಲೆಕ್ಕ ನಿಂತಿದೆ.

ಹಾಗಾದರೆ ಶೇ 18 ಸರಿಯೋ ತಪ್ಪೋ? ಕನ್ಸಲ್ಟಂಟರ ಜೊತೆ ವಾದ ಮಾಡಿ ತೀರುವ ವಿಷಯವಲ್ಲ ಅದು. ಸಂಘ ಹಿಂದೆ ಯಾವಾಗಲಾದರೂ ಗೋವಿನಜೋಳ ಖರೀದಿ ಮಾಡಿದ್ದರೆ, ತೇವಾಂಶ ಮಾಪಕದಲ್ಲಿ ನೋಡಿ ಬರೆದ ಪುಸ್ತಕ ಕಚೇರಿಯ ಕಪಾಟಿನಲ್ಲೇ ಇರುತ್ತದೆ. ಅಕ್ಟೋಬರ್–ನವೆಂಬರಿನ ಪುಟ ತೆರೆದರೆ ಸಾಕು. ಪ್ರತಿ ಗೃಹೀತವನ್ನೂ ನಾನು ಹೀಗೆ ಮೂರು ಗುಂಪಿಗೆ ಹಾಕುತ್ತೇನೆ. ನಮ್ಮ ದಾಖಲೆಯ ಪ್ರಕಾರ ನಿಜ, ನಮ್ಮ ದಾಖಲೆಯ ಪ್ರಕಾರ ಸುಳ್ಳು, ಇನ್ನೂ ಗೊತ್ತಿಲ್ಲ. ನಿಜವಾದದ್ದರ ಬಗ್ಗೆ ತಲೆಕೆಡಿಸಿಕೊಳ್ಳಬೇಕಿಲ್ಲ. ಸುಳ್ಳಾದದ್ದು ಈಗಲೇ ಒಂದು ಹೊರಗಿಟ್ಟ ಕೆಲಸ ಇದ್ದಂತೆ, ಅದಕ್ಕೆ ಬೆಲೆ ಕಟ್ಟಬೇಕು. ಗೊತ್ತಿಲ್ಲದ್ದನ್ನು ಆದೇಶ ಕೊಡುವ ಮೊದಲು ತಿಳಿದುಕೊಳ್ಳಬೇಕು, ಆಗದಿದ್ದರೆ ಅದು ತಪ್ಪಿದಾಗ ಖರ್ಚು ಯಾರದು ಎಂದು ಬರೆದುಕೊಳ್ಳಬೇಕು.

3,10,000ದ ಎರಡನೆಯ ಪ್ರಪೋಸಲ್ ಇದಕ್ಕಿಂತ ಎಷ್ಟೋ ಮೇಲು. ಮಣ್ಣು ಪರೀಕ್ಷೆ ಅವರದೇ. ಮಂಜೂರಾತಿವರೆಗೆ ಬ್ಯಾಂಕಿಗೆ ಉತ್ತರಿಸುವುದನ್ನು ಸ್ಪಷ್ಟವಾಗಿ ಒಪ್ಪಿದ್ದಾರೆ, ಕೊನೆಯ ಕಂತಿನ ಹಣವನ್ನೂ ಅದಕ್ಕೇ ಕಟ್ಟಿಕೊಂಡಿದ್ದಾರೆ. ಊರಿನ ಸಮೀಕ್ಷೆಗೆ ನಮೂನೆ ಕೊಡುತ್ತಾರೆ, ತುಂಬಿಸುವುದು ಸಂಘದ ಸಿಬ್ಬಂದಿ. ವಿದ್ಯುತ್ ಬಗ್ಗೆ ಇವರೂ ಹೇಳಿಲ್ಲ. ಜಿಎಸ್‌ಟಿ ಪ್ರತ್ಯೇಕ. ಇವೆಲ್ಲ ಹೊಂದಿಸಿಕೊಳ್ಳಬಹುದಾದವು. ಆದರೆ ಗೃಹೀತಗಳ ಪಟ್ಟಿಯ ಎರಡನೆಯ ಸಾಲು: ‘ಗೋದಾಮಿನ ಸಾಮರ್ಥ್ಯ 1000 ಟನ್ ಎಂದು ಸಂಘವು ನಿಗದಿಪಡಿಸಿದೆ.’

ಸಂಘ ಬರೆದದ್ದು ‘1000 ಟನ್ ಅಥವಾ ಸೂಕ್ತ ಸಾಮರ್ಥ್ಯ.’ ಆ ‘ಅಥವಾ’ದಿಂದ ಮುಂದಿನದು ಇಲ್ಲಿ ಬಿದ್ದುಹೋಗಿದೆ. ಬಿದ್ದದ್ದು ಎರಡೇ ಪದ, ಆದರೆ ಅದರೊಂದಿಗೆ ಡಿಪಿಆರ್‌ನ ಮುಖ್ಯ ಪ್ರಶ್ನೆಯೇ ಹೋಯಿತು. ಇವರ ವರದಿ 1000 ಟನ್ನಿನ ಗೋದಾಮನ್ನು ಎಷ್ಟು ಚೆನ್ನಾಗಿ ಕಟ್ಟಬಹುದು ಎಂದು ಹೇಳುತ್ತದೆ. ಅಷ್ಟು ದೊಡ್ಡದು ಬೇಕೇ ಎಂದು ಕೇಳುವುದಿಲ್ಲ. ಸಂಘದ ಸದಸ್ಯರು 400 ಎಕರೆ ಗೋವಿನಜೋಳ ಹಾಕುತ್ತಾರೆ, ಎಕರೆಗೆ 20 ಕ್ವಿಂಟಲ್ ಬರುತ್ತದೆ ಎಂದಿಟ್ಟುಕೊಂಡರೆ ಒಟ್ಟು 800 ಟನ್. ಅದರಲ್ಲಿ ಅರ್ಧದಷ್ಟು ಜನ ಹೊಲದಿಂದಲೇ ವ್ಯಾಪಾರಿಗೆ ತೂಗಿ ಕೊಟ್ಟರೆ ಗೋದಾಮಿಗೆ ಬರುವುದು 400 ಟನ್. ಭತ್ತ ಸೇರಿದರೂ ಸಾವಿರ ತಲಪುವುದು ಕಷ್ಟ. ಯಾರು ತರುತ್ತಾರೆ, ಯಾರು ತರುವುದಿಲ್ಲ, ವ್ಯಾಪಾರಿಯ ಮುಂಗಡ ಸಾಲ ಯಾರ ಮೇಲಿದೆ, ಇದನ್ನೆಲ್ಲ ಊರಲ್ಲಿ ಕೇಳಿಯೇ ತಿಳಿಯಬೇಕು. ಇವರ ಪ್ರಪೋಸಲ್‌ನಲ್ಲಿ ಸಮೀಕ್ಷೆ ಇದೆ, ನಿಜ. ಆದರೆ ಸಮೀಕ್ಷೆಯ ಉತ್ತರ ಏನೇ ಬಂದರೂ ಸಾಮರ್ಥ್ಯ ಬದಲಾಗುವುದಿಲ್ಲ. ಬೇಡಿಕೆ ಪಟ್ಟಿಯ ಐದನೆಯ ಸಾಲಿಗೆ ‘ಸೇರಿದೆ’ ಎಂದು ಗುರುತು ಹಾಕಿದವರು ಇಲ್ಲಿ ಮೋಸ ಹೋಗುತ್ತಾರೆ. ಒಂದು ಗೃಹೀತ ಒಂದು ಕೆಲಸವನ್ನು ಹೊರಗಿಡದೆಯೇ ಅದರ ಪ್ರಯೋಜನವನ್ನು ಇಲ್ಲವಾಗಿಸಬಲ್ಲದು. ಅದಕ್ಕಾಗಿ ಪ್ರತಿ ಗೃಹೀತವನ್ನೂ ಎಂಟು ಸಾಲುಗಳ ಎದುರೂ ಇಟ್ಟು ನೋಡಬೇಕು, ಅದು ಯಾವ ಪುಟದಲ್ಲಿ ಬರೆದಿದೆಯೋ ಆ ಕೆಲಸದ ಎದುರು ಮಾತ್ರ ಅಲ್ಲ.

3,90,000ದ ಮೂರನೆಯ ಪ್ರಪೋಸಲ್ ಓದಲು ಬೇಸರ ತರಿಸುತ್ತದೆ. ಒಂದು ಪೂರ್ತಿ ಪುಟ ‘ಸೇರಿಲ್ಲದವು’ ಮತ್ತು ‘ಗೃಹೀತಗಳು.’ ಬಿನ್‌ಶೇತ್ಕಿ ಮಾಡಿಸುವುದು ಸೇರಿಲ್ಲ. ಬೋರ್‌ವೆಲ್ ಸೇರಿಲ್ಲ. ಮಣ್ಣು ಪರೀಕ್ಷೆ ಮೂರು ಕಡೆ, ಮೂರು ಮೀಟರ್ ಆಳದವರೆಗೆ, ಬಂಡೆ ಸಿಕ್ಕಿದರೆ ಹೆಚ್ಚಿನ ದರ. ಹೆಸ್ಕಾಂಗೆ ಸಲ್ಲಿಸುವ ವಿದ್ಯುತ್ ಲೋಡಿನ ಲೆಕ್ಕ ಮತ್ತು ಅರ್ಜಿ ತಯಾರಿಸುತ್ತಾರೆ, ಶುಲ್ಕ ಸಂಘದ್ದು. 150 ಮನೆಗಳ ಸಮೀಕ್ಷೆ ಅವರ ಸಿಬ್ಬಂದಿಯಿಂದಲೇ, ಅದರ ಆಧಾರದ ಮೇಲೆ ಸಾಮರ್ಥ್ಯದ ಶಿಫಾರಸು. ಬ್ಯಾಂಕಿನ ಪ್ರಶ್ನೆಗಳಿಗೆ ಎರಡು ಸುತ್ತು ಉತ್ತರ, ಅಥವಾ ಆರು ತಿಂಗಳು, ಯಾವುದು ಮೊದಲೋ ಅದು. ಕ್ಷೇತ್ರಕಾರ್ಯ ಮಳೆ ನಿಂತ ಮೇಲೆ, ನವೆಂಬರಿನಿಂದ. ಜಿಎಸ್‌ಟಿ ಸೇರಿ ಈ ಮೊತ್ತ.

ಸಭೆಯಲ್ಲಿ ಈ ಪುಟ ನೋಡಿದವರು ‘ಇವರು ಬರೀ ಆಗೋದಿಲ್ಲ ಅಂತಾರಲ್ರೀ’ ಎನ್ನುತ್ತಾರೆ. ‘ಆಗುವುದಿಲ್ಲ’ಗಳನ್ನು ಎಣಿಸಿ ಅಂಕ ಕೊಟ್ಟರೆ ಈ ಪ್ರಪೋಸಲ್ ಕೊನೆಗೆ ಬೀಳುತ್ತದೆ, ಒಂದೂ ಹೊರತನ್ನು ಬರೆಯದ ಮೊದಲನೆಯದು ಮೇಲೇರುತ್ತದೆ. ನಾನು ಕಂಡ ತಪ್ಪು ಆಯ್ಕೆಗಳಲ್ಲಿ ಹೆಚ್ಚಿನವು ಆದದ್ದು ಹೀಗೆಯೇ. ಬಿನ್‌ಶೇತ್ಕಿ ಮತ್ತು ಬೋರ್‌ವೆಲ್ ಸಂಘದ ಎಂಟು ಸಾಲಿನಲ್ಲಿ ಇಲ್ಲವೇ ಇಲ್ಲ. ಕೇಳದ್ದನ್ನು ಹೊರಗಿಟ್ಟರೆ ನಷ್ಟವೇನು? ಬಂಡೆಯ ಷರತ್ತು ನ್ಯಾಯವಾದದ್ದು, ನೆಲದೊಳಗೆ ಏನಿದೆಯೆಂದು ಅಗೆಯುವ ಮೊದಲು ಯಾರಿಗೂ ಗೊತ್ತಿಲ್ಲ. ಬೇಡಿಕೆಗೆ ನಿಜವಾಗಿ ತಾಗುವುದು ಎರಡೇ: ಬ್ಯಾಂಕಿನ ಎರಡು ಸುತ್ತಿನ ಮಿತಿ, ನವೆಂಬರಿನ ಷರತ್ತು.

ನವೆಂಬರಿನದು ಸಣ್ಣ ಮಾತಲ್ಲ. ಜುಲೈಯಲ್ಲಿ ಆದೇಶ ಕೊಟ್ಟು 90 ದಿನ ಎಂದರೆ ಅಕ್ಟೋಬರ್ ಮೊದಲ ವಾರ. ನವೆಂಬರಿನಿಂದ ಶುರುವಾದರೆ ಜನವರಿ ಕೊನೆ. ಅಲ್ಲಿಂದ ಬ್ಯಾಂಕ್ ಮಂಜೂರಾತಿ, ಆಮೇಲೆ ಕಟ್ಟಡ. ಜೂನಿನ ಮಳೆಗೆ ಮುಂಚೆ ಚಾವಣಿ ಏರುವುದು ಅನುಮಾನ. ಮುಂದಿನ ಕೊಯ್ಲಿಗೆ ಡ್ರೈಯರ್ ಇರುವುದಿಲ್ಲ. ಆದರೆ ಈ ಗೃಹೀತವನ್ನು ಇಡಿಯಾಗಿ ಒಪ್ಪಬೇಕು ಅಥವಾ ತಿರಸ್ಕರಿಸಬೇಕು ಎಂದೇನೂ ಇಲ್ಲ, ಒಡೆದು ನೋಡಬಹುದು. ಮಳೆಯಲ್ಲಿ ಆಗದ್ದು ಯಾವುದು? ಕೆಸರಿನ ಜಾಗದಲ್ಲಿ ಏರುತಗ್ಗಿನ ಸರ್ವೆ ಮತ್ತು ಮಣ್ಣಿಗೆ ಕೊರೆಯುವ ಯಂತ್ರ ಇಳಿಸುವುದು. ಮನೆಮನೆ ಸಮೀಕ್ಷೆಗೆ ಮಳೆಗಾಲ ಅಡ್ಡಿಯಲ್ಲ, ನಾಟಿ ಮುಗಿದ ಮೇಲೆ ರೈತರು ಮನೆಯಲ್ಲಿ ಸಿಗುತ್ತಾರೆ. ವಿದ್ಯುತ್ ಲೋಡಿನ ಲೆಕ್ಕಕ್ಕೂ ಡ್ರೈಯರ್ ಆಯ್ಕೆಗೂ ಮಳೆಯ ಹಂಗಿಲ್ಲ. ಆಗಸ್ಟ್–ಸೆಪ್ಟೆಂಬರಿನಲ್ಲಿ ಇವನ್ನು ಮುಗಿಸಿ, ಮಳೆ ಬಿಡುವು ಕೊಟ್ಟ ವಾರದಲ್ಲಿ ನೆಲದ ಕೆಲಸ ಮಾಡಿದರೆ ವರದಿ ನವೆಂಬರಿನೊಳಗೆ ಬರುತ್ತದೆ. ಈ ಪ್ರಶ್ನೆ ಕೇಳಲು ಸಾಧ್ಯವಾದದ್ದು ಅವರು ಷರತ್ತನ್ನು ಬರೆದು ತಿಳಿಸಿದ್ದರಿಂದ. ಉಳಿದಿಬ್ಬರು ಮಳೆಯ ಬಗ್ಗೆ ಮಾತೇ ಎತ್ತಿಲ್ಲ. ಅವರ ಊರಿನಲ್ಲೂ ಮಳೆ ಬರುತ್ತದೆ.

ಇನ್ನು ರೂಪಾಯಿಯ ಮಾತು. ಹೊರಗಿಟ್ಟ, ಹೇಳದೆ ಬಿಟ್ಟ ಕೆಲಸಗಳಿಗೆ ಸಂಘವೇ ಬೇರೆಯವರಿಂದ ದರ ಕೇಳಿ ಸೇರಿಸಬೇಕು. ಮೊದಲನೆಯದಕ್ಕೆ ಶೇ 18ರ ಜಿಎಸ್‌ಟಿ ಸೇರಿದರೆ 2,83,200. ಮಣ್ಣು ಪರೀಕ್ಷೆ 40,000, ಸಮೀಕ್ಷೆ 60,000, ವಿದ್ಯುತ್ ಲೆಕ್ಕಕ್ಕೆ 25,000, ಹೆಚ್ಚುವರಿ ಭೇಟಿಗಳಿಗೆ 18,000 ಎಂದಿಟ್ಟರೆ 4,26,200. ಎರಡನೆಯದು ಜಿಎಸ್‌ಟಿ ಸೇರಿ 3,65,800, ವಿದ್ಯುತ್ ಲೆಕ್ಕಕ್ಕೆ 25,000, ಸಿಬ್ಬಂದಿಯ ಓಡಾಟಕ್ಕೆ 20,000, ಒಟ್ಟು 4,10,800. ಮೂರನೆಯದಕ್ಕೆ ಬ್ಯಾಂಕಿನ ಇನ್ನೊಂದು ಸುತ್ತಿಗೆಂದು 20,000 ಸೇರಿಸಿದರೆ 4,10,000. ಒಂದೂವರೆ ಲಕ್ಷದ ಅಂತರ ಹದಿನಾರು ಸಾವಿರಕ್ಕೆ ಬಂತು, ಅದೂ ತಿರುವುಮುರುವಾಗಿ. ಆದರೆ ಈ ಲೆಕ್ಕವನ್ನು ಅತಿಯಾಗಿ ನಂಬಬೇಡಿ. ಸೇರಿಸಿದ ಅಂಕಿಗಳು ನಮ್ಮ ಅಂದಾಜು, ಅವು ಹತ್ತಿಪ್ಪತ್ತು ಸಾವಿರ ಅತ್ತಿತ್ತ ಆದರೆ ಕ್ರಮ ಬದಲಾಗುತ್ತದೆ. ಎರಡನೆಯದಕ್ಕೂ ಮೂರನೆಯದಕ್ಕೂ ಇರುವ 800 ರೂಪಾಯಿ ವ್ಯತ್ಯಾಸಕ್ಕೆ ಅರ್ಥವೇ ಇಲ್ಲ. ಲೆಕ್ಕ ತೋರಿಸುವುದು ಇಷ್ಟೇ, ದುಡ್ಡಿನ ಮೇಲೆ ತೀರ್ಮಾನ ಮಾಡುವಷ್ಟು ಅಂತರ ಇಲ್ಲಿಲ್ಲ. ತೀರ್ಮಾನ ಆಗಬೇಕಾದದ್ದು ‘1000 ಟನ್ ಬೇಕೇ’ ಎಂಬ ಪ್ರಶ್ನೆಗೆ ಯಾರು ಉತ್ತರ ಕೊಡುತ್ತಾರೆ ಎಂಬುದರ ಮೇಲೆ, ಮತ್ತು ಆ ಗೃಹೀತಕ್ಕೆ ನಾನು ರೂಪಾಯಿ ಕಟ್ಟಲಾರೆ.

ಆದೇಶಕ್ಕೆ ಮೊದಲು ಮೂವರಿಗೂ ಬರಹದಲ್ಲಿ ಪ್ರಶ್ನೆ ಕಳಿಸಬೇಕು. ಫೋನಿನಲ್ಲಿ ‘ಅದೆಲ್ಲ ಮಾಡಿಕೊಡ್ತೇವ್ರೀ’ ಎಂಬ ಉತ್ತರ ಪಟ್ಟಿಗೆ ಏರಬಾರದು. ಪ್ರಶ್ನೆಯೂ ‘ವಿದ್ಯುತ್ ಸೇರಿದೆಯೇ’ ಎಂದು ಇದ್ದರೆ ಸಾಲದು. ‘ಡ್ರೈಯರ್‌ನ ವಿದ್ಯುತ್ ಲೋಡಿನ ಲೆಕ್ಕ, ಈಗಿರುವ ಟ್ರಾನ್ಸ್‌ಫಾರ್ಮರ್ ಸಾಕಾಗುತ್ತದೆಯೇ ಎಂಬ ಪರಿಶೀಲನೆ, ಹೆಸ್ಕಾಂ ಅರ್ಜಿ, ಈ ಮೂರೂ ನಿಮ್ಮ ಮೊತ್ತದಲ್ಲಿ ಇವೆಯೇ’ ಎಂದು ಕೇಳಬೇಕು. ಸಂಘ ತನ್ನ ಹಣದಿಂದ ಮಾಡಿಸುವ ಕೆಲಸವಾದರೆ, ಉತ್ತರದ ಜೊತೆ ಪರಿಷ್ಕೃತ ದರ ಕೇಳಲು ಅದರ ನಿಯಮಗಳಲ್ಲಿ ಸಾಮಾನ್ಯವಾಗಿ ಅಡ್ಡಿಯಿರುವುದಿಲ್ಲ. ಸರ್ಕಾರಿ ಟೆಂಡರಾದರೆ ಕಥೆ ಬೇರೆ. ಕರ್ನಾಟಕದಲ್ಲಿ ಸಾರ್ವಜನಿಕ ಸಂಗ್ರಹಣೆಯಲ್ಲಿ ಪಾರದರ್ಶಕತೆಯ 1999ರ ಕಾಯ್ದೆ ಇದೆ. ಲಕೋಟೆ ತೆರೆದ ಮೇಲೆ ಸ್ಪಷ್ಟೀಕರಣ ಕೇಳಬಹುದು, ಅದರ ನೆಪದಲ್ಲಿ ದರ ಬದಲಿಸುವಂತಿಲ್ಲ. ಅಲ್ಲಿ ಈ ಬಿಡಿಸುವ ಕೆಲಸವನ್ನು ಟೆಂಡರ್ ಕರೆಯುವ ಮೊದಲೇ, ಬೇಡಿಕೆ ಬರೆಯುವಾಗಲೇ ಮಾಡಬೇಕು.

ವಿಶ್ವಬ್ಯಾಂಕಿನ ನೆರವಿನ ಯೋಜನೆಗಳಲ್ಲಿ ಬಳಸುವ ಮಾದರಿ ದಾಖಲೆಯಲ್ಲಿ ಇದಕ್ಕೆಂದೇ ಒಂದು ನಮೂನೆ ಇದೆ, ಟೆಕ್-3. ಬೇಡಿಕೆಯ ಬಗ್ಗೆಯೂ, ಗ್ರಾಹಕರು ಕೊಡಬೇಕಾದ ಸಿಬ್ಬಂದಿ–ಸೌಕರ್ಯದ ಬಗ್ಗೆಯೂ ಕನ್ಸಲ್ಟಂಟರು ತಮ್ಮ ಅಭಿಪ್ರಾಯ ಬರೆಯುವ ಜಾಗ ಅದು. ಗೃಹೀತಗಳು ಹೆಚ್ಚಾಗಿ ಸಿಗುವುದು ಅಲ್ಲೇ. ಅದೇ ದಾಖಲೆಯಲ್ಲಿ ಇನ್ನೊಂದು ನಿಯಮ: ತಾಂತ್ರಿಕ ಪ್ರಸ್ತಾವನೆಯಲ್ಲಿ ವಿವರಿಸಿದ ಕೆಲಸಕ್ಕೆ ದರಪಟ್ಟಿಯಲ್ಲಿ ಬೆಲೆ ಹಾಕದಿದ್ದರೆ, ಅದು ಬೇರೆ ಬೆಲೆಗಳಲ್ಲೇ ಸೇರಿದೆ ಎಂದು ಭಾವಿಸಲಾಗುತ್ತದೆ. ಗ್ರಾಹಕರಿಗೆ ಒಳ್ಳೆಯ ರಕ್ಷಣೆ. ಆದರೆ ಗಮನಿಸಿ, ರಕ್ಷಣೆ ಇರುವುದು ‘ವಿವರಿಸಿದ’ ಕೆಲಸಕ್ಕೆ. ತಾಂತ್ರಿಕ ಭಾಗದಲ್ಲೇ ಮೌನವಾಗಿ ಬಿಟ್ಟದ್ದಕ್ಕೆ ಈ ನಿಯಮ ನೆರವಾಗುವುದಿಲ್ಲ.

ಕೊನೆಯದಾಗಿ ಕರಾರು. ಆಯ್ಕೆ ಮುಗಿದ ಮೇಲೆ ಬಹಳ ಕಡೆ ‘ಪ್ರಪೋಸಲ್ ಈ ಕರಾರಿನ ಭಾಗವಾಗಿರುತ್ತದೆ’ ಎಂದು ಒಂದು ಸಾಲು ಬರೆದು ಪ್ರಪೋಸಲನ್ನು ಇಡಿಯಾಗಿ ಹಿಂದೆ ಪಿನ್ ಮಾಡುತ್ತಾರೆ. ಅದರೊಂದಿಗೆ ನಾವು ಪ್ರಶ್ನೆ ಕೇಳಿ ಬಿಡಿಸಿಕೊಂಡ ಹಳೆಯ ಗೃಹೀತಗಳೂ ಒಳಗೆ ಬರುತ್ತವೆ. ನವೆಂಬರಿನ ಷರತ್ತು ಪತ್ರದಲ್ಲಿ ಬಿಟ್ಟಿದ್ದಾರೆ, ಅಡಕದಲ್ಲಿ ಹಾಗೇ ಇದೆ. ವಿವಾದ ಬಂದರೆ ಎರಡೂ ಕಡೆಯವರ ಹತ್ತಿರ ಕಾಗದ ಇರುತ್ತದೆ. ಅದಕ್ಕೆ ಬದಲು ಎಂಟು ಸಾಲಿನ ಪಟ್ಟಿಯನ್ನೇ ಮೊದಲ ಅಡಕ ಮಾಡಿ. ಪ್ರತಿ ಸಾಲಿನ ಎದುರು ಒಪ್ಪಿದ ವ್ಯಾಪ್ತಿ, ಉಳಿದ ಗೃಹೀತ, ಅದು ತಪ್ಪಿದರೆ ಖರ್ಚು ಯಾರದು, ಯಾವ ಕಂತಿನ ಹಣ ಅದಕ್ಕೆ ಸೇರಿದ್ದು ಎಂದು ಬರೆಯಿರಿ. ಬರಹದ ಪ್ರಶ್ನೋತ್ತರ ಎರಡನೆಯ ಅಡಕ. ಪ್ರಪೋಸಲ್ ಮೂರನೆಯದು. ಇವುಗಳಲ್ಲಿ ಭಿನ್ನತೆ ಕಂಡರೆ ಮೊದಲಿನದೇ ಅಂತಿಮ ಎಂಬ ಸಾಲನ್ನು ಕರಾರಿನ ಒಳಗೇ ಸೇರಿಸಿ, ಅಡಕಗಳ ಪ್ರತಿ ಪುಟಕ್ಕೂ ಎರಡೂ ಕಡೆಯವರ ಸಹಿ ಹಾಕಿಸಿಕೊಳ್ಳಿ.